ಮಾರಿಕಣಿವೆಯ ಕಟ್ಟೆಯೂ ನ್ಯೂಟನ್ನನ ಮೂರನೆಯ ನಿಯಮವೂ

ನ್ಯೂಟನ್ನನ ಚಲನೆಯ ಮೂರನೆಯ ನಿಯಮವನ್ನು ಶಾಲೆಯಲ್ಲಿ ಬಾಯಿಪಾಠ ಮಾಡದವರು ನಮ್ಮಲ್ಲಿ ಯಾರೂ ಇರಲಾರರು. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ಅದಕ್ಕೆ ವಿರುದ್ಧವಾದ ಪ್ರತಿಕ್ರಿಯೆಯೊಂದು ಇದ್ದೇ ಇರುವುದೆಂಬುದು ಆ ನಿಯಮ. ಬೇರೆ ನಿಯಮಗಳನ್ನೆಲ್ಲ ಮರೆತವರೂ ಇದೊಂದನ್ನು ಮರೆಯುವುದಿಲ್ಲ. ರಾಜಕೀಯ ಭಾಷಣದಲ್ಲಿಯೂ ಜಗಳದ ನ್ಯಾಯ ತೀರ್ಮಾನದಲ್ಲಿಯೂ ಇದು ಬಂದುಹೋಗುವುದುಂಟು. ಇಷ್ಟು ಬಳಕೆಯಲ್ಲಿದ್ದರೂ ಇಷ್ಟು ತಪ್ಪಾಗಿ ಪ್ರಯೋಗವಾಗುವ ನಿಯಮವೂ ಬಹುಶಃ ಇನ್ನೊಂದಿಲ್ಲ. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿ ಆಮೇಲೆ ಬಿ.ಎ.ಗೆ ಬಂದವನಾದುದರಿಂದ, ಕಲಾ ವಿಭಾಗದ ಗೆಳೆಯರಿಗೆ ಈ ವಿಷಯವನ್ನು ನಮ್ಮ ಜಿಲ್ಲೆಯ ಒಂದು ಉದಾಹರಣೆಯಿಂದಲೇ ಬಿಡಿಸಿ ಹೇಳಲು ಯತ್ನಿಸುತ್ತೇನೆ. ವಿಜ್ಞಾನದ ಅಧ್ಯಾಪಕರು ಇದನ್ನು ಓದಿದರೆ, ಲೆಕ್ಕದಲ್ಲಿ ನಾನು ಮಾಡಿಕೊಂಡಿರುವ ಸರಳತೆಗಳನ್ನು ಮನ್ನಿಸಬೇಕು.

ಉದಾಹರಣೆ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ. ನಮ್ಮ ಕಡೆಯವರ ಬಾಯಲ್ಲಿ ಮಾರಿಕಣಿವೆ. ವೇದಾವತಿ ನದಿಯು ಎರಡು ಗುಡ್ಡಗಳ ನಡುವೆ ನುಸುಳಿ ಬರುವ ಕಡೆ ಕಲ್ಲುಗಾರೆಯಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ಕಟ್ಟೆ ಅದು. ಪೂರ್ಣಮಟ್ಟ 130 ಅಡಿ. 1933ರಲ್ಲಿ ತುಂಬಿ ಕೋಡಿ ಹರಿದ ಮೇಲೆ 2022ರ ಸೆಪ್ಟೆಂಬರಿನವರೆಗೆ ಅದು ಮತ್ತೆ ತುಂಬಲಿಲ್ಲ. ಎರಡು ತಲೆಮಾರಿನವರು ಕೋಡಿಯನ್ನು ಕಾಣದೆಯೇ ತೀರಿಹೋದರು. ಹೀಗಾಗಿ ಆ ವರ್ಷ ನೀರು ಮೇಲೇರುತ್ತ ಬಂದಾಗ ಕಾಲುವೆಯ ಬಯಲಿನ ನಮ್ಮ ಊರಿನಲ್ಲಿ ಹಿಗ್ಗಿನ ಜೊತೆಗೆ ಸ್ವಲ್ಪ ಅಳುಕೂ ಇತ್ತು. ನಮ್ಮ ಮನೆತನದಲ್ಲಿ ಹೈಸ್ಕೂಲು ದಾಟಿದವನು ನಾನೊಬ್ಬನೇ ಆದುದರಿಂದ ದೊಡ್ಡಪ್ಪನವರು ಜಗಲಿಯ ಮೇಲೆ ಕುಳಿತು, "ಏನಪ್ಪಾ, ನೀನು ಓದಿದವನು. ಅಷ್ಟು ನೀರನ್ನು ಆ ಹಳೇ ಕಟ್ಟೆ ತಡೀತದೇನು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯವರೊಬ್ಬರು, "ಅದಕ್ಕೇನು ಭಯ ಗೌಡರೇ! ನೀರು ಎಷ್ಟು ತಳ್ಳಿದರೆ ಕಟ್ಟೆಯೂ ಅಷ್ಟೇ ವಾಪಸು ತಳ್ಳುತ್ತದೆ. ನ್ಯೂಟನ್ ಬರೆದಿಟ್ಟಿದ್ದಾನೆ. ಅದಕ್ಕೇ ಇದಕ್ಕೂ ವಜಾ ಆಯಿತು" ಎಂದು ಧೈರ್ಯ ಹೇಳಿಬಿಟ್ಟರು.

ಕಟ್ಟೆ ನಿಂತಿತು, ನಿಂತಿದೆ. ಆದರೆ ಅವರು ಕೊಟ್ಟ ಕಾರಣ ಮಾತ್ರ ಸರಿಯಲ್ಲ. ನೀರು ಕಟ್ಟೆಯನ್ನು ತಳ್ಳಿದಷ್ಟೇ ಕಟ್ಟೆಯೂ ನೀರನ್ನು ತಳ್ಳುತ್ತದೆಂಬ ಮಾತು ನಿಜ. ಆದರೆ ಕಟ್ಟೆ ಒಡೆದು ಕೊಚ್ಚಿಹೋಗುವ ಗಳಿಗೆಯಲ್ಲಿಯೂ ಆ ಮಾತು ಅಷ್ಟೇ ನಿಜವಾಗಿರುತ್ತದೆ! ನಿಂತಾಗಲೂ ಬಿದ್ದಾಗಲೂ ನಿಜವಾಗಿರುವ ಮಾತು, ನಿಲ್ಲುವುದಕ್ಕೆ ಕಾರಣವಾಗಲಾರದಷ್ಟೆ.

ಇದನ್ನು ತಿಳಿಯಬೇಕಾದರೆ 'ವಜಾ' ಎಂಬ ಮಾತನ್ನು ಮೊದಲು ವಿಚಾರಿಸಬೇಕು. ಎರಡು ಬಲಗಳು ಒಂದಕ್ಕೊಂದು ವಜಾ ಆಗಬೇಕಾದರೆ ಅವೆರಡೂ ಒಂದೇ ವಸ್ತುವಿನ ಮೇಲೆ ಬೀಳಬೇಕು. ನನ್ನ ಸಾಲವೂ ನನ್ನ ಗಳಿಕೆಯೂ ಒಂದೇ ಖಾತೆಯಲ್ಲಿದ್ದರೆ ವಜಾ ಆಗುತ್ತವೆ. ನನ್ನ ಖಾತೆಯಲ್ಲಿ ನೂರು ರೂಪಾಯಿ ಸಾಲ, ಅಂಗಡಿಯವನ ಖಾತೆಯಲ್ಲಿ ನೂರು ರೂಪಾಯಿ ಬಾಕಿಯೆಂದು ಬರೆದಿದ್ದರೆ ಎರಡು ಅಂಕಿಗಳೂ ಸಮವೇ, ದಿಕ್ಕು ಮಾತ್ರ ಬೇರೆ. ಆದರೂ ನನ್ನ ಸಾಲವೇನೂ ತೀರಲಿಲ್ಲ. ಕ್ರಿಯೆ ಪ್ರತಿಕ್ರಿಯೆಗಳು ಈ ಎರಡನೆಯ ಬಗೆಯವು. ಒಂದು ವ್ಯವಹಾರ, ಎರಡು ಖಾತೆ.

ಇದಕ್ಕೆ ಹಳೆಯ ಒಗಟೊಂದುಂಟು. ಎತ್ತು ಗಾಡಿಯನ್ನು ಮುಂದಕ್ಕೆ ಎಳೆದರೆ ಗಾಡಿಯೂ ಎತ್ತನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಹಾಗಾದರೆ ಗಾಡಿ ಹೊರಡುವುದು ಹೇಗೆ? ನ್ಯೂಟನ್ನನೇ 1687ರ ತನ್ನ 'ಪ್ರಿನ್ಸಿಪಿಯಾ' ಗ್ರಂಥದಲ್ಲಿ ಹಗ್ಗ ಕಟ್ಟಿ ಕಲ್ಲನ್ನೆಳೆಯುವ ಕುದುರೆಯ ದೃಷ್ಟಾಂತವನ್ನು ಕೊಟ್ಟು, ಕಲ್ಲು ಕುದುರೆಯ ಕಡೆಗೆ ಎಳೆಯಲ್ಪಡುವಷ್ಟೇ ಕುದುರೆಯೂ ಕಲ್ಲಿನ ಕಡೆಗೆ ಎಳೆಯಲ್ಪಡುವುದೆಂದು ಹೇಳಿದ್ದಾನೆ. ನಮ್ಮ ಕಡೆ ಕುದುರೆಗಿಂತ ಎತ್ತೇ ಪರಿಚಿತ. ಹೇರು ಸಹಿತ ಗಾಡಿ 1000 ಕಿಲೋಗ್ರಾಂ, ಜೋಡಿ ಎತ್ತು 700 ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ. ಗಾಲಿಗೆ ಮಣ್ಣಿನ ದಾರಿಯ ತಡೆ 400 ನ್ಯೂಟನ್. ಒಂದು ನ್ಯೂಟನ್ ಎಂದರೆ ಸುಮಾರು ನೂರು ಗ್ರಾಂ ತೂಕದ ಭಾರವೆಂದು ತಿಳಿದರೆ ಸಾಕು. ಎತ್ತುಗಳು ಗೊರಸನ್ನು ಊರಿ ನೆಲವನ್ನು ಹಿಂದಕ್ಕೆ 570 ನ್ಯೂಟನ್ ಬಲದಿಂದ ಒದೆಯುತ್ತವೆ. ನೆಲವು ಎತ್ತುಗಳನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ನೊಗದ ಬಳಿ ಎತ್ತುಗಳು ಗಾಡಿಯನ್ನು 500 ನ್ಯೂಟನ್ ಬಲದಿಂದ ಮುಂದಕ್ಕೆ ಎಳೆಯುತ್ತವೆ. ಗಾಡಿಯು ಅವುಗಳನ್ನು 500 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ.

ಈಗ ಖಾತೆಗಳನ್ನು ಬೇರೆ ಬೇರೆಯಾಗಿ ತೆರೆಯೋಣ. ಗಾಡಿಯ ಖಾತೆಯಲ್ಲಿ ಮುಂದಕ್ಕೆ 500, ದಾರಿಯ ತಡೆಯಿಂದ ಹಿಂದಕ್ಕೆ 400, ಉಳಿದದ್ದು 100. ಅದರಿಂದ ಸಾವಿರ ಕಿಲೋಗ್ರಾಮಿನ ಗಾಡಿಗೆ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 0.1 ಮೀಟರಿನಷ್ಟು ವೇಗ ಏರುತ್ತದೆ. ಎತ್ತುಗಳ ಖಾತೆಯಲ್ಲಿ ನೆಲದಿಂದ ಮುಂದಕ್ಕೆ 570, ಗಾಡಿಯಿಂದ ಹಿಂದಕ್ಕೆ 500, ಉಳಿದದ್ದು 70. ಏಳು ನೂರು ಕಿಲೋಗ್ರಾಮಿಗೆ ಅದೂ 0.1ಕ್ಕೇ ಸಮನಾಗಿ ಬರುತ್ತದೆ. ಎತ್ತೂ ಗಾಡಿಯೂ ಕೂಡಿಯೇ ಹೊರಡಬೇಕಲ್ಲವೆ? ಹಾಗೆಯೇ ಹೊರಟವು. ನೊಗದ ಬಳಿಯ ಎರಡು ಐನೂರುಗಳು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ಸಮವಾಗಿದ್ದುವು, ಗಾಡಿಯೂ ಹೊರಟಿತು. ಒಂದು ಐನೂರು ಗಾಡಿಯ ಖಾತೆಯದು, ಇನ್ನೊಂದು ಎತ್ತಿನದು. ಅವು ಎಲ್ಲಿಯೂ ಎದುರಾಗಲೇ ಇಲ್ಲ. ಬೇಸಗೆಯಲ್ಲಿ ವೇದಾವತಿಯ ಉಸುಕಿನಲ್ಲಿ ಗಾಡಿ ಹೂತುಕೊಳ್ಳುವುದೂ ನೊಗದ ಬಳಿಯ ಸಮತೆಯಿಂದಲ್ಲ. ಗಾಲಿಯ ತಡೆ ಹೆಚ್ಚುತ್ತದೆ, ಗೊರಸಿಗೆ ಒದೆಯಲು ಗಟ್ಟಿ ನೆಲ ಸಿಗುವುದಿಲ್ಲ.

ಕನ್ನಡದಲ್ಲಿ 'ಪ್ರತಿಕ್ರಿಯೆ' ಎಂಬ ಮಾತು ಸ್ವಲ್ಪ ಹಾದಿ ತಪ್ಪಿಸುತ್ತದೆಯೆಂದು ನನ್ನ ಅಭಿಪ್ರಾಯ. ಒಬ್ಬನು ಮೊದಲು ಹೊಡೆದ, ಇನ್ನೊಬ್ಬನು ಆಮೇಲೆ ತಿರುಗಿ ಹೊಡೆದ ಎಂಬ ಅರ್ಥ ಅದರಲ್ಲಿ ಇಣುಕುತ್ತದೆ. ಇಲ್ಲಿ ಮೊದಲು ಆಮೇಲೆ ಎಂಬುದಿಲ್ಲ. ಎರಡೂ ಏಕಕಾಲದವು, ಯಾವುದನ್ನು ಬೇಕಾದರೂ ಕ್ರಿಯೆಯೆಂದು ಕರೆಯಬಹುದು. ಅದಕ್ಕಿಂತ ನಮ್ಮ ವ್ಯಾಕರಣವೇ ಒಳ್ಳೆಯ ಸಹಾಯ ಕೊಡುತ್ತದೆ. ಬಲವನ್ನು ಹೇಳುವಾಗ ಕರ್ತೃಪದ ಕರ್ಮಪದ ಎರಡನ್ನೂ ಬಿಡದೆ ಹೇಳಬೇಕು: 'ನೀರು ಕಟ್ಟೆಯನ್ನು ತಳ್ಳುತ್ತದೆ.' ಇದರ ಜೊತೆಗಾರ ಯಾವುದೆಂದು ತಿಳಿಯಲು ಕರ್ತೃ ಕರ್ಮಗಳ ಸ್ಥಾನವನ್ನು ಅದಲುಬದಲು ಮಾಡಿದರಾಯಿತು: 'ಕಟ್ಟೆ ನೀರನ್ನು ತಳ್ಳುತ್ತದೆ.' ಕರ್ಮಪದ ಎರಡು ವಾಕ್ಯದಲ್ಲಿಯೂ ಒಂದೇ ಆಗಿ ಬಂದರೆ ಅದು ಜೋಡಿಯಲ್ಲ. ಕರ್ಮಪದವೇ ಖಾತೆದಾರ. ಜೋಡಿಯಲ್ಲಿ ಕರ್ಮಪದ ಬದಲಾಗಲೇಬೇಕಾದ್ದರಿಂದ, ಜೋಡಿಯ ಎರಡು ಬಲಗಳು ಒಂದೇ ವಸ್ತುವಿನ ಮೇಲೆ ಬೀಳುವ ಪ್ರಸಂಗವೇ ಬರುವುದಿಲ್ಲ.

ಈ ವ್ಯಾಕರಣವನ್ನು ಹಿಡಿದು ಮಾರಿಕಣಿವೆಗೆ ಮರಳೋಣ. ಕಟ್ಟೆಯ ಉದ್ದದಲ್ಲಿ ಒಂದೇ ಒಂದು ಮೀಟರ್ ಅಗಲದ ಪಟ್ಟಿಯನ್ನು ಮನಸ್ಸಿನಲ್ಲಿ ಕತ್ತರಿಸಿಕೊಳ್ಳಬೇಕು. 130 ಅಡಿ ಎಂದರೆ ಸುಮಾರು 40 ಮೀಟರ್; ನೀರಿನ ಆಳ ಅಷ್ಟೆಂದೇ ಲೆಕ್ಕಕ್ಕೆ ಹಿಡಿಯೋಣ. ನೀರಿನ ಒತ್ತಡ ಮೇಲ್ಮೈಯಲ್ಲಿ ಸೊನ್ನೆ, ತಳದಲ್ಲಿ ಚದರ ಮೀಟರಿಗೆ 40 ಟನ್ ಭಾರದಷ್ಟು, ಸರಾಸರಿ 20. ಪಟ್ಟಿಯ ಮುಖ 40 ಚದರ ಮೀಟರ್. ಒಟ್ಟು ತಳ್ಳುವಿಕೆ 800 ಟನ್. ಹದಿನಾರು ಟನ್ನಿನ ಐವತ್ತು ಲಾರಿಗಳ ಭಾರ ಒಂದು ಮೀಟರ್ ಅಗಲದ ಕಲ್ಲುಗೋಡೆಯ ಮೇಲೆ ಅಡ್ಡಲಾಗಿ ಒರಗಿದಂತೆ. ನೀರು ಹಿಂದೆ ಹೊಸದುರ್ಗದ ಕಡೆಗೆ ಎಷ್ಟು ದೂರ ಹರಡಿದೆಯೆಂಬುದು ಈ ಲೆಕ್ಕದಲ್ಲಿ ಬರಲೇ ಇಲ್ಲವೆಂಬುದನ್ನು ಗಮನಿಸಬೇಕು. ಹರವು ಎಷ್ಟಾದರೂ ಇರಲಿ, ಕಟ್ಟೆಗೆ ಗೊತ್ತಾಗುವುದು ಆಳ ಮಾತ್ರ. ಅದೂ ವಿಚಿತ್ರ ರೀತಿಯಲ್ಲಿ: 65 ಅಡಿ ನೀರಿದ್ದಾಗ ತಳ್ಳುವಿಕೆ ಅರ್ಧವಲ್ಲ, ಕಾಲು ಭಾಗ, ಬರಿಯ 200 ಟನ್.

ಈ ಪಟ್ಟಿಯ ಖಾತೆಯಲ್ಲಿ ಅಡ್ಡ ದಿಕ್ಕಿನ ಬಲಗಳು ಎರಡು. ನೀರು ಕಟ್ಟೆಯನ್ನು ನದಿ ಹರಿಯುವ ದಿಕ್ಕಿಗೆ ತಳ್ಳುತ್ತದೆ, 800 ಟನ್. ತಳದ ಬಂಡೆಯು ಕಟ್ಟೆಯನ್ನು ಹಿಂದಕ್ಕೆ ಹಿಡಿದು ನಿಲ್ಲಿಸುತ್ತದೆ, ಅದೂ 800 ಟನ್. ಎರಡೂ ಸಮ, ಎರಡೂ ವಿರುದ್ಧ, ಎರಡೂ ಕಟ್ಟೆಯ ಮೇಲೆಯೇ ಬೀಳುವಂಥವು. ಇಲ್ಲಿ ನಿಜವಾಗಿಯೂ ವಜಾ ಆಗುತ್ತದೆ. ಆದರೆ ಇವು ಕ್ರಿಯೆ ಪ್ರತಿಕ್ರಿಯೆಗಳೇ? ವ್ಯಾಕರಣದಿಂದ ಪರೀಕ್ಷಿಸಿ. 'ನೀರು ಕಟ್ಟೆಯನ್ನು', 'ಬಂಡೆ ಕಟ್ಟೆಯನ್ನು': ಎರಡರಲ್ಲಿಯೂ ಕರ್ಮಪದ ಕಟ್ಟೆಯೇ. ಆದುದರಿಂದ ಇವು ಜೋಡಿಯಲ್ಲ. ಮೊದಲನೆಯದರ ಜೋಡಿ 'ಕಟ್ಟೆ ನೀರನ್ನು', ಎರಡನೆಯದರ ಜೋಡಿ 'ಕಟ್ಟೆ ಬಂಡೆಯನ್ನು'. ಎರಡು ಜೋಡಿಗಳಿಂದ ಒಂದೊಂದು ಬಲ ಬಂದು ಕಟ್ಟೆಯ ಖಾತೆಯಲ್ಲಿ ಕೂಡಿವೆ, ಅಷ್ಟೆ. ಅವು ಸಮವಾಗಿರುವುದು ಮೂರನೆಯ ನಿಯಮದ ಆಜ್ಞೆಯಿಂದಲ್ಲ. ಕಟ್ಟೆ ಕದಲದೆ ನಿಂತಿದೆಯೆಂಬ ಸಂಗತಿಯಿಂದ. ನೆರೆಮನೆಯವರ ಮಾತಿನಲ್ಲಿದ್ದ ತೊಡಕು ಇದೇ. ಅವರು ಒಂದು ಜೋಡಿಯ ಹೆಸರನ್ನು ಹೇಳಿ, ಬೇರೆ ಎರಡು ಬಲಗಳ ವಜಾವನ್ನು ಅದರ ಲೆಕ್ಕಕ್ಕೆ ಬರೆದರು.

ಈ ತೊಡಕಿಗೆ ಕಾರಣವೂ ಇಲ್ಲದಿಲ್ಲ. ಬಂಡೆಯ ಹಿಡಿತಕ್ಕೆ ಒಂದು ಸೌಜನ್ಯವುಂಟು: ಎಷ್ಟು ಬೇಕೋ ಅಷ್ಟೇ ಕೊಡುತ್ತದೆ. ನೀರು 200 ಟನ್ ತಳ್ಳಿದಾಗ 200, 800 ತಳ್ಳಿದಾಗ 800. ಯಾವಾಗಲೂ ಸಮವಾಗಿಯೇ ಇರುವುದನ್ನು ನೋಡಿ ಅದನ್ನೇ ಪ್ರತಿಕ್ರಿಯೆ ಎಂದುಕೊಳ್ಳುವುದು ಸಹಜ. ಆದರೆ ಆ ಹಿಡಿತಕ್ಕೆ ಒಂದು ಮಿತಿಯಿದೆ, ಜೋಡಿಗೆ ಮಿತಿಯಿಲ್ಲ. ಕಟ್ಟೆಯ ತಳಕ್ಕೂ ಬಂಡೆಗೂ ಇರುವ ಬೆಸುಗೆಯ ಗಟ್ಟಿತನ, ಕಟ್ಟೆ ಬಂಡೆಯನ್ನು ಎಷ್ಟು ಬಿಗಿಯಾಗಿ ಒತ್ತಿ ಕುಳಿತಿದೆ ಎಂಬುದು, ಇವೆರಡರಿಂದ ಮಿತಿ ನಿರ್ಧಾರವಾಗುತ್ತದೆ.

ಆ ಮಿತಿ ಕಡಿಮೆಯಾದ ಕಟ್ಟೆಯೊಂದನ್ನು ಕಲ್ಪಿಸಿಕೊಳ್ಳೋಣ. ಇದು ನಮ್ಮ ಕಟ್ಟೆಯ ಮಾತಲ್ಲ. ಪಟ್ಟಿಯ ತೂಕ 1400 ಟನ್ ಇರಲಿ. ನೀರು 800 ಟನ್ ತಳ್ಳುವಾಗ ಬಂಡೆಯ ಕೈಯಲ್ಲಿ ಆಗುವುದು 700 ಮಾತ್ರವೆನ್ನೋಣ. ಕಟ್ಟೆಯ ಖಾತೆಯಲ್ಲಿ 100 ಟನ್ ಉಳಿಯಿತು. ಆ ಉಳಿಕೆ ಪಟ್ಟಿಯನ್ನು ಮೊದಲ ಎರಡು ಸೆಕೆಂಡುಗಳಲ್ಲಿಯೇ ಸುಮಾರು 1.4 ಮೀಟರ್ ಸರಿಸಿಬಿಡುತ್ತದೆ. ಹೀಗೆ ಸರಿಯುತ್ತಿರುವಾಗ ಜೋಡಿಗಳ ಪಾಡೇನು? ಕಟ್ಟೆ ಕದಲಿದಂತೆ ನೀರಿನ ಒತ್ತಡವೇ ಒಂದಿಷ್ಟು ಬದಲಾದೀತು. ಆದರೆ ಪ್ರತಿ ಗಳಿಗೆಯಲ್ಲಿಯೂ ನೀರು ಕಟ್ಟೆಯನ್ನು ತಳ್ಳುವಷ್ಟನ್ನೇ ಕಟ್ಟೆ ನೀರನ್ನು ತಳ್ಳುತ್ತಿರುತ್ತದೆ. ಬಂಡೆ ಕಟ್ಟೆಯನ್ನು 700 ಟನ್ ಹಿಡಿದರೆ ಕಟ್ಟೆಯೂ ಬಂಡೆಯನ್ನು 700 ಟನ್ ಎಳೆಯುತ್ತಿರುತ್ತದೆ. ಎರಡು ಜೋಡಿಗಳೂ ಅಚ್ಚುಕಟ್ಟಾಗಿ ಸಮ. ಕಟ್ಟೆ ಮಾತ್ರ ಹೊರಟುಹೋಯಿತು.

ಇದು ಕೇವಲ ಕಲ್ಪನೆಯಲ್ಲ. ಫ್ರಾನ್ಸಿನ ಬೂಝೇ ಎಂಬಲ್ಲಿದ್ದ ಕಲ್ಲುಕಟ್ಟೆಯಲ್ಲಿ ನೂರು ಮೀಟರಿಗಿಂತ ಉದ್ದದ ಒಂದು ಭಾಗ 1884ರಲ್ಲಿ ಸುಮಾರು ಒಂದು ಅಡಿಯಷ್ಟು ಮುಂದಕ್ಕೆ ಜಾರಿ ನಿಂತಿತು. ರಿಪೇರಿ ಮಾಡಿ ಮತ್ತೆ ನೀರು ತುಂಬಿಸಿದರು. 1895ರಲ್ಲಿ ಅದು ಒಡೆದು ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ನಮ್ಮ ದೇಶದಲ್ಲಿಯೂ ಗ್ವಾಲಿಯರಿನ ಹತ್ತಿರದ ತಿಗ್ರಾ ಕಟ್ಟೆ 1917ರ ಪ್ರವಾಹದಲ್ಲಿ ಹೀಗೆಯೇ ಜಾರಿ ಹೋಯಿತು. ಆ ದಿನಗಳಲ್ಲಿ ಮೂರನೆಯ ನಿಯಮಕ್ಕೆ ಯಾವ ಊನವೂ ಬಂದಿರಲಿಲ್ಲ.

ಬೂಝೇ ಕಟ್ಟೆಯ ದುರಂತದಿಂದ ಇಂಜಿನಿಯರುಗಳು ಕಲಿತ ಪಾಠವೊಂದು ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತದೆ. ಮೇಲೆ ಅಡ್ಡ ದಿಕ್ಕಿನ ಬಲಗಳನ್ನು ನೋಡಿದೆವು. ಇದು ಮೇಲು ಕೆಳಗಿನ ದಿಕ್ಕಿನದು. ಪಾಠಪುಸ್ತಕಗಳಲ್ಲಿ ಮೇಜಿನ ಮೇಲಿಟ್ಟ ಪುಸ್ತಕದ ಚಿತ್ರವಿರುತ್ತದೆ. ಪುಸ್ತಕದ ಭಾರ ಕೆಳಕ್ಕೆ, ಮೇಜಿನ ಆಧಾರ ಮೇಲಕ್ಕೆ. ಇವೆರಡೂ ಕ್ರಿಯೆ ಪ್ರತಿಕ್ರಿಯೆಗಳೆಂದು ಪರೀಕ್ಷೆಯಲ್ಲಿ ಬರೆಯುವವರು ಬಹಳ ಮಂದಿ. ಕಟ್ಟೆಯ ಭಾರ, ಬಂಡೆಯ ಆಧಾರ ಎಂದರೂ ಅದೇ ಚಿತ್ರವೇ. ವ್ಯಾಕರಣವನ್ನು ಹಚ್ಚಿ ನೋಡಿದರೆ, ಭಾರವೆಂದರೆ 'ಭೂಮಿ ಕಟ್ಟೆಯನ್ನು ಎಳೆಯುತ್ತದೆ'. ಅದರ ಜೋಡಿ 'ಕಟ್ಟೆ ಭೂಮಿಯನ್ನು ಎಳೆಯುತ್ತದೆ'. ಬಂಡೆಯ ಆಧಾರ ಇದರಲ್ಲಿ ಎಲ್ಲಿಯೂ ಬರುವುದಿಲ್ಲ.

ವ್ಯಾಕರಣವನ್ನು ನಂಬದವರಿಗೆ ಪ್ರಕೃತಿಯ ಸಾಕ್ಷ್ಯವೂ ಇದೆ. ತಳದ ಬಿರುಕುಗಳಲ್ಲಿ ನೀರು ಇಳಿದು ಕಟ್ಟೆಯ ಅಡಿಗೆ ಸೇರಿತೆನ್ನಿ. ಅಲ್ಲಿಯೂ ನೀರಿಗೆ ಆಳದ ಒತ್ತಡವಿರುತ್ತದೆ; ಅದು ಕಟ್ಟೆಯನ್ನು ಮೇಲಕ್ಕೆ ಒತ್ತುತ್ತದೆ. 1400 ಟನ್ನಿನ ಪಟ್ಟಿಯನ್ನು ಆ ನೀರು 300 ಟನ್ ಮೇಲಕ್ಕೆ ಒತ್ತಿದರೆ ಬಂಡೆ ಹೊರಬೇಕಾದ್ದು 1100 ಮಾತ್ರ. ಕಟ್ಟೆಯ ಭಾರ ಒಂದು ಗುಂಜಿಯೂ ಇಳಿಯಲಿಲ್ಲ. ಬಂಡೆಯ ಆಧಾರ 300 ಟನ್ ಇಳಿಯಿತು. ನಿಜವಾದ ಜೋಡಿಯಾಗಿದ್ದರೆ ಒಂದು ಇಳಿದು ಇನ್ನೊಂದು ಹಾಗೆಯೇ ಉಳಿಯುವುದು ಸಾಧ್ಯವೇ ಇರಲಿಲ್ಲ. ಅಷ್ಟೇ ಅಲ್ಲ, ಬಂಡೆಯನ್ನು ಕಟ್ಟೆ ಒತ್ತುವ ಬಿಗಿ ಕಡಿಮೆಯಾದಂತೆ ಅಡ್ಡ ದಿಕ್ಕಿನ ಹಿಡಿತದ ಮಿತಿಯೂ ಕುಸಿಯುತ್ತದೆ. ಮೊದಲು 900 ಟನ್ನಿನವರೆಗೆ ಹಿಡಿಯಬಲ್ಲ ಬಂಡೆ 700ಕ್ಕೇ ಸೋಲಬಹುದು. ಆದುದರಿಂದಲೇ ಈಗ ಇಂಥ ಕಟ್ಟೆಗಳ ಒಳಗೆ ಬಸಿನೀರನ್ನು ಹೊರಕ್ಕೆ ಬಿಡುವ ರಂಧ್ರಗಳನ್ನು ಇಡುತ್ತಾರೆ, ಬಸಿಯುವ ನೀರು ಎಷ್ಟೆಂದು ಅಳೆದು ಬರೆದಿಡುತ್ತಾರೆ. ಬಸಿಯುವುದು ಏಕಾಏಕಿ ಹೆಚ್ಚಿದರೂ ಸಂಶಯ, ರಂಧ್ರ ಕಟ್ಟಿಕೊಂಡು ಕಡಿಮೆಯಾದರೂ ಸಂಶಯ. ದೊಡ್ಡಪ್ಪನವರ ಪ್ರಶ್ನೆಗೆ ಉತ್ತರ ಇರುವುದು ಅಂಥ ಅಳತೆಗಳಲ್ಲಿ. ಕೆಳಗಿನ ಬಂಡೆಯಲ್ಲಿ, ಗಾರೆಯಲ್ಲಿ, ಕಟ್ಟೆಯ ತೂಕದಲ್ಲಿ. ಮೂರನೆಯ ನಿಯಮವು ಯಾವ ಕಟ್ಟೆಗೂ ಜಾಮೀನು ನಿಲ್ಲುವುದಿಲ್ಲ.

ಒಂದು ಪ್ರಶ್ನೆ ಉಳಿಯಿತು. ಕಟ್ಟೆಯು ನೀರನ್ನು 800 ಟನ್ ಬಲದಿಂದ ಹಿಂದಕ್ಕೆ ತಳ್ಳುತ್ತಿದೆಯಲ್ಲ, ಆ ನೀರೇಕೆ ಹೊಸದುರ್ಗದ ಕಡೆಗೆ ಓಡುವುದಿಲ್ಲ? ನೀರಿನ ಖಾತೆಯನ್ನೂ ತೆರೆದು ನೋಡಬೇಕು. ಸಾಗರದ ತಳ ಆ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಏರುತ್ತ ಹೋಗುತ್ತದೆ. ಕಟ್ಟೆಯ ತಳ್ಳುವಿಕೆ ನೀರಿನ ಮೂಲಕ ದಾಟಿಹೋಗಿ ಆ ಇಳಿಜಾರಿನ ಮೇಲೆ ಮೈಲಿಗಟ್ಟಲೆ ಹಂಚಿಹೋಗುತ್ತದೆ; ಆ ಇಳಿಜಾರು ನೀರನ್ನು ಮರಳಿ ಕಟ್ಟೆಯ ಕಡೆಗೆ ಒತ್ತುತ್ತದೆ. ಎಲ್ಲವನ್ನೂ ಕೂಡಿದರೆ, ಪಟ್ಟಿಯ ಪ್ರತಿ ಮೀಟರಿಗೆ ಅದೂ 800 ಟನ್. ಹೀಗೆ ಭೂಮಿಯ ಖಾತೆಯಲ್ಲಿಯೂ ಎರಡು ಅಂಕಿಗಳು ಬಂದು ಬಿದ್ದುವು: ಕಟ್ಟೆಯು ಬಂಡೆಯನ್ನು ಮುಂದಕ್ಕೆ ತಳ್ಳುವ 800, ನೀರು ಇಳಿಜಾರನ್ನು ಹಿಂದಕ್ಕೆ ತಳ್ಳುವ 800. ಒಂದೇ ವಸ್ತುವಿನ ಮೇಲೆ, ಬೇರೆ ಬೇರೆ ಜೋಡಿಗಳಿಂದ ಬಂದ ಈ ಎರಡು ವಜಾ ಆಗುತ್ತವೆ. ಹಿರಿಯೂರಿನ ಕಡೆ ನೆಲವನ್ನು ತಳ್ಳಿದ್ದು ಹೊಸದುರ್ಗದ ಕಡೆ ಸರಿಹೋಗುತ್ತದೆ.